ಸಮಾರೋಪದ ಮಾತು ವಾರ್ಡಿನ ಕಡೆ ತಿರುಗಲಿ

ಪ್ರಶ್ನೆ: ನಮ್ಮ ಮನೆ ಹೇರೋಹಳ್ಳಿಯಲ್ಲಿ. ಮಾಗಡಿ ರಸ್ತೆ ಕಡೆಯ ಒಂದು ಖಾಸಗಿ ಆಸ್ಪತ್ರೆಗೆ ಸ್ಟಾಫ್ ನರ್ಸ್ ಆಗಿ ಸೇರಿದವಳು ಈಗ ಮೆಡಿಕಲ್ ವಾರ್ಡಿನ ಇನ್‌ಚಾರ್ಜ್ ಆಗಿದ್ದೇನೆ. ಅಕ್ಟೋಬರ್ 4ರಿಂದ 10ರವರೆಗೆ ನಮ್ಮಲ್ಲಿ ಮಾನಸಿಕ ಆರೋಗ್ಯ ಜಾಗೃತಿ ಸಪ್ತಾಹ ಮಾಡುತ್ತಾರೆ. ರಂಗೋಲಿ, ಪೋಸ್ಟರ್ ಸ್ಪರ್ಧೆ, ನರ್ಸಿಂಗ್ ವಿದ್ಯಾರ್ಥಿಗಳ ಕಿರುನಾಟಕ ಎಲ್ಲ ಇರುತ್ತದೆ. ಈ ಸಲ ಕೊನೆಯ ದಿನದ ಸಮಾರೋಪ ಭಾಷಣವನ್ನು ನನಗೆ ಒಪ್ಪಿಸಿದ್ದಾರೆ. ವಿಷಯ ‘ಘನತೆ, ಭಾಷೆ ಮತ್ತು ಕಳಂಕ’.

ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯ ಒಂದಿದೆ. ನನ್ನ ತಮ್ಮನಿಗೆ ಬೈಪೋಲಾರ್ ಕಾಯಿಲೆ. ನಿಮ್ಹಾನ್ಸ್‌ನಲ್ಲಿ ತೋರಿಸುತ್ತಿದ್ದೇವೆ, ಲೀಥಿಯಂ ಮಾತ್ರೆ ತೆಗೆದುಕೊಳ್ಳುತ್ತಾನೆ. ಪೀಣ್ಯದ ವರ್ಕ್‌ಶಾಪ್ ಒಂದರಲ್ಲಿ ಲೇತ್ ಕೆಲಸ ಮಾಡುತ್ತಾನೆ, ಚೆನ್ನಾಗಿದ್ದಾನೆ. ನಮ್ಮ ಡ್ಯೂಟಿ ರೂಮಿನಲ್ಲಿ ಮಾತ್ರ ದಿನ ಬೆಳಗಾದರೆ ‘ಸೈಕ್ ಕೇಸು’, ‘ಮೆಂಟಲ್’, ‘ನಿಮ್ಹಾನ್ಸ್ ಪಾರ್ಟಿ’ ಅಂತ ನಗುವುದನ್ನು ಕೇಳುತ್ತೇನೆ. ನಾನೂ ಸುಮ್ಮನೆ ನಕ್ಕಿದ್ದೇನೆ. ವೇದಿಕೆಯಲ್ಲಿ ತಮ್ಮನ ವಿಷಯ ಹೇಳಿಬಿಟ್ಟರೆ ಎಲ್ಲರ ಬಾಯಿ ಮುಚ್ಚಬಹುದು ಅನ್ನಿಸುತ್ತದೆ. ಆದರೆ ಅವನಿಗೆ ಹೆಣ್ಣು ನೋಡುತ್ತಿದ್ದೇವೆ, ಸುದ್ದಿ ಸುಂಕದಕಟ್ಟೆ ದಾಟಿ ನೆಂಟರ ಮನೆ ಮುಟ್ಟುವುದು ಎಷ್ಟು ಹೊತ್ತು? ಇನ್ನೊಂದು ಕಡೆ ಆಡಳಿತದವರು ನಮ್ಮಲ್ಲಿ ಚಿಕಿತ್ಸೆ ಪಡೆಯುತ್ತಿರುವ ಒಬ್ಬರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಫೋಟೋ ತೆಗೆಸುತ್ತಾರಂತೆ. ನನಗೆ ಅದೂ ಸರಿ ಕಾಣುತ್ತಿಲ್ಲ. ಭಾಷಣದಲ್ಲಿ ಏನು ಹೇಳಲಿ, ಏನು ಬಿಡಲಿ?
— ಹೆಸರು ಬೇಡ, ಹೇರೋಹಳ್ಳಿ

ಉತ್ತರ: ತಮ್ಮನ ವಿಷಯವನ್ನೇ ಮೊದಲು ಮುಗಿಸೋಣ, ಏಕೆಂದರೆ ಉಳಿದದ್ದೆಲ್ಲ ಅದಕ್ಕಿಂತ ಸುಲಭ.

ಅವನ ಕಾಯಿಲೆಯ ಕಥೆ ಅವನದು. ಮಾತ್ರೆ ತಂದುಕೊಟ್ಟವರು ನೀವಿರಬಹುದು, ರಾತ್ರಿಗಳನ್ನು ಕಾದವರು ನೀವಿರಬಹುದು, ಆದರೂ ಮೈಕಿನ ಮುಂದೆ ಅದನ್ನು ಹೇಳುವ ಹಕ್ಕು ಅವನನ್ನು ಕೇಳದೆ ನಿಮಗೆ ಬರುವುದಿಲ್ಲ. ಘನತೆಯ ಬಗ್ಗೆ ಮಾತಾಡಲು ಹೊರಟವರು ಮೊದಲ ವಾಕ್ಯದಲ್ಲೇ ಒಬ್ಬನ ಗುಟ್ಟನ್ನು ಬೀದಿಗೆ ತಂದರೆ ಹೇಗೆ? ಅವನನ್ನು ಕೇಳಿ. ಕೇಳುವಾಗ ಅಮ್ಮನ ಎದುರು ಬೇಡ, ನೆಂಟರ ಎದುರು ಬೇಡ, ನೀವಿಬ್ಬರೇ ಇರುವಾಗ ಕೇಳಿ. ‘ಬೇಡ ಅಕ್ಕ’ ಅಂದರೆ ಅಲ್ಲಿಗೆ ಮುಗಿಯಿತು. ‘ಹೇಳು’ ಅಂದರೂ ಎರಡು ದಿನ ಬಿಟ್ಟು ಇನ್ನೊಮ್ಮೆ ಕೇಳಿ. ಉತ್ಸಾಹ ಹೆಚ್ಚಿರುವ ದಿನ ಕೊಟ್ಟ ಒಪ್ಪಿಗೆ ಬೈಪೋಲಾರ್ ಇರುವವರ ವಿಷಯದಲ್ಲಿ ಯಾವಾಗಲೂ ಗಟ್ಟಿಯಾಗಿರುವುದಿಲ್ಲ ಎಂಬುದು ನರ್ಸ್ ಆದ ನಿಮಗೆ ಗೊತ್ತಿದೆ. ‘ನನ್ನ ಮನೆಯಲ್ಲೂ ಒಬ್ಬರಿದ್ದಾರೆ’ ಎಂದು ಹೆಸರಿಲ್ಲದೆ ಹೇಳುವ ನಡುದಾರಿಯೂ ಅಪಾಯದ್ದೇ. ನಿಮ್ಮ ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಸಹೋದ್ಯೋಗಿಗಳಿಗೆ ಗೊತ್ತು, ಊಟಕ್ಕೆ ಕುಳಿತಾಗ ಲೆಕ್ಕ ಹಾಕಿಬಿಡುತ್ತಾರೆ.

ಹೆಣ್ಣು ನೋಡುವ ಮಾತು ಬಂದದ್ದರಿಂದ ಒಂದು ಮಾತು ಪಕ್ಕಕ್ಕೆ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆಯನ್ನು ನಮ್ಮ ಜನ ನಗುತ್ತಾ ಹೇಳುತ್ತಾರೆ, ಆಮೇಲೆ ನಗದೆ ಅದರಂತೆಯೇ ನಡೆದುಬಿಡುತ್ತಾರೆ. ಮದುವೆ ಚಿಕಿತ್ಸೆಯಲ್ಲ. ಭಾಷಣದಲ್ಲಿ ಮುಚ್ಚಿಡಬಹುದಾದ ವಿಷಯವನ್ನು ಮದುವೆಯಾಗುವ ಹುಡುಗಿಯಿಂದ ಮುಚ್ಚಿಡಬಾರದು. ಅದನ್ನು ಹೇಳಬೇಕಾದವನೂ ಅವನೇ, ನಿಶ್ಚಿತಾರ್ಥಕ್ಕೆ ಮುಂಚೆ. ಈ ಬಗ್ಗೆ ಬೇರೆ ಪತ್ರ ಬರೆಯಿರಿ, ವಿವರವಾಗಿ ಉತ್ತರಿಸುತ್ತೇನೆ.

ಇನ್ನು ಭಾಷಣ.

ಇಂಥ ಸಮಾರೋಪಗಳಲ್ಲಿ ಮಾತಾಡುವವರು ಸಾಮಾನ್ಯವಾಗಿ ಬೈಯುವುದು ‘ಸಮಾಜ’ವನ್ನು. ಸಮಾಜದಲ್ಲಿ ಅರಿವಿಲ್ಲ, ಹಳ್ಳಿಯವರು ಮಂತ್ರವಾದಿಯ ಹತ್ತಿರ ಹೋಗುತ್ತಾರೆ, ಜನ ಬದಲಾಗಬೇಕು. ಎದುರಿಗೆ ಕುಳಿತವರು ಯಾರು? ಡಾಕ್ಟರು, ನರ್ಸು, ಲ್ಯಾಬಿನವರು, ಬಿಲ್ಲಿಂಗ್ ಕೌಂಟರಿನವರು, ಸೆಕ್ಯೂರಿಟಿಯವರು, ಆಯಾಗಳು. ‘ಸಮಾಜ’ ಅಂದಾಗ ಎಲ್ಲರೂ ಹೌದೆಂದು ತಲೆದೂಗಿ ಕಾಫಿಗೆ ಎದ್ದು ಹೋಗುತ್ತಾರೆ. ನಿಮ್ಮ ಮಾತು ಡ್ಯೂಟಿ ರೂಮಿನ ಕಡೆಗೇ ತಿರುಗಲಿ. ನೀವು ಬರೆದ ಆ ಮೂರು ಪದಗಳೇ ನಿಮ್ಮ ವಿಷಯ, ಅದಕ್ಕೆ ತಮ್ಮನ ಕಥೆ ಬೇಕಾಗಿಲ್ಲ.

ಆದರೆ ‘ಈ ಪದ ಬಳಸಬೇಡಿ, ಆ ಪದ ಬಳಸಿ’ ಎಂದು ಪಟ್ಟಿ ಓದುವುದಕ್ಕಷ್ಟೇ ನಿಲ್ಲಬೇಡಿ. ಪದ ಬದಲಿಸಿದ ಮಾತ್ರಕ್ಕೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ಇಲ್ಲಿದ್ದ ಲುನಾಟಿಕ್ ಅಸೈಲಮ್ ಎಂಬ ಹೆಸರನ್ನು ಮೈಸೂರು ಸರ್ಕಾರ 1925ರಲ್ಲೇ ತೆಗೆದುಹಾಕಿ ಮೆಂಟಲ್ ಹಾಸ್ಪಿಟಲ್ ಎಂದು ಕರೆಯಿತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಬ್ರಿಟಿಷರ 1912ರ ಲುನಸಿ ಕಾಯ್ದೆಯ ಭಾಷೆ ನಮ್ಮ ದೇಶದ ಕಾನೂನಿನಿಂದ ಹೋಗಲು 1987ರ ಮಾನಸಿಕ ಆರೋಗ್ಯ ಕಾಯ್ದೆಯೇ ಬರಬೇಕಾಯಿತು. ಮೈಸೂರಿನವರು ಅಷ್ಟು ಮುಂದಿದ್ದರು. ಆಮೇಲೇನಾಯಿತು? ‘ಮೆಂಟಲ್’ ಎಂಬ ಪದವೇ ಬೈಗುಳವಾಯಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಟ್ಟದ ಸಂಸ್ಥೆ ಬಂತು, 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಈಗ ಸಿಗ್ನಲ್ಲಿನಲ್ಲಿ ಅಡ್ಡ ಬಂದವನಿಗೆ ‘ನಿಮ್ಹಾನ್ಸ್‌ಗೆ ಸೇರಿಸಬೇಕು ಇವನನ್ನು’ ಎನ್ನುತ್ತೇವೆ. ಮೆದುಳಿನ ಗೆಡ್ಡೆಗೆ, ಮೂರ್ಛೆಗೆ, ಪಾರ್ಶ್ವವಾಯುವಿಗೆ ದೇಶದ ಮೂಲೆಮೂಲೆಯಿಂದ ಜನ ಬರುವ ಸಂಸ್ಥೆಯ ಹೆಸರೇ ಬೈಗುಳ. ಹೊಸ ಹೆಸರು ತಂದಾಗಲೆಲ್ಲ ಹಳೆಯ ತಿರಸ್ಕಾರ ಅದರೊಳಗೆ ಹೊಕ್ಕಿದೆ. ಹಾಗಾಗಿ ನಿಮ್ಮ ಆಸ್ಪತ್ರೆಯಲ್ಲಿ ‘ಮೆಂಟಲ್’ ಬಿಟ್ಟು ‘ಸೈಕ್’ ಅಂದರೂ, ‘ಸೈಕ್’ ಬಿಟ್ಟು ‘ಎಫ್ ವಾರ್ಡ್’ ಅಂದರೂ, ಅದೇ ನಗು ಅದರ ಹಿಂದಿದ್ದರೆ ಫಲವಿಲ್ಲ.

ಹಾಗಾದರೆ ಭಾಷೆಯನ್ನು ತಿದ್ದುವುದೇ ವ್ಯರ್ಥವೇ? ಅಲ್ಲ. ಆಸ್ಪತ್ರೆಯ ಭಾಷೆಗೆ ಬೀದಿಯ ಭಾಷೆಗಿಲ್ಲದ ಒಂದು ಶಕ್ತಿಯಿದೆ. ಅದನ್ನು ಆಧರಿಸಿ ಮುಂದಿನವರು ಚಿಕಿತ್ಸೆ ನಿರ್ಧರಿಸುತ್ತಾರೆ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ನೇರವಾಗಿ ಪರೀಕ್ಷಿಸಿತು. ಮಾನಸಿಕ ಆರೋಗ್ಯ ಕ್ಷೇತ್ರದ 500ಕ್ಕೂ ಹೆಚ್ಚು ವೃತ್ತಿಪರರಿಗೆ ಒಬ್ಬ ವ್ಯಕ್ತಿಯ ವಿವರ ಓದಲು ಕೊಟ್ಟರು. ಅರ್ಧ ಜನರಿಗೆ ಕೊಟ್ಟ ಹಾಳೆಯಲ್ಲಿ ಅವನನ್ನು ಮಾದಕ ವಸ್ತು ದುರ್ಬಳಕೆ ಮಾಡುವವ ಎಂದು, ಉಳಿದವರ ಹಾಳೆಯಲ್ಲಿ ಮಾದಕ ವಸ್ತು ಬಳಕೆಯ ಕಾಯಿಲೆ ಇರುವವ ಎಂದು ಬರೆದಿತ್ತು. ಮಿಕ್ಕ ವಿವರವೆಲ್ಲ ಒಂದೇ. ಮೊದಲ ಹಾಳೆ ಓದಿದವರು ತಪ್ಪು ಅವನದೇ, ಶಿಕ್ಷೆ ಬೇಕು ಎನ್ನುವ ಕಡೆಗೆ ಹೆಚ್ಚು ವಾಲಿದರು. ಓದಿದವರು ತರಬೇತಾದವರು ಎಂಬುದನ್ನು ಗಮನಿಸಿ. 2018ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಕುಡಗೋಲು ಕಣ ರಕ್ತಹೀನತೆಯ ನೋವಿನಿಂದ ಬಂದ ಯುವಕನೊಬ್ಬನ ಕೇಸ್ ಶೀಟನ್ನು ಎರಡು ಧಾಟಿಯಲ್ಲಿ ಬರೆದು ಕಲಿಕೆಯಲ್ಲಿದ್ದ ವೈದ್ಯರಿಗೆ ಕೊಟ್ಟರು. ಅನುಮಾನದ ಧಾಟಿಯ ಹಾಳೆ ಓದಿದವರು ಅವನ ನೋವಿಗೆ ಕಡಿಮೆ ಔಷಧ ಕೊಡಲು ಮುಂದಾದರು.

ಇದನ್ನು ನಿಮ್ಮ ವಾರ್ಡಿಗೆ ತಂದು ತೋರಿಸಬೇಕು. ನಿಮಗೆ ಚೆನ್ನಾಗಿ ಗೊತ್ತಿರುವ ಲೀಥಿಯಮ್ಮನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಲಕ್ಷಾಂತರ ಜನ ತೆಗೆದುಕೊಳ್ಳುವ ಮಾತ್ರೆ ಅದು, ನಿಮ್ಮ ಮನೆಯ ಸುಳಿವು ಯಾರಿಗೂ ಸಿಗುವುದಿಲ್ಲ.

ಹೀಗೆಂದುಕೊಳ್ಳೋಣ. ರಾತ್ರಿ ಹನ್ನೊಂದಕ್ಕೆ ನಲವತ್ತರ ಆಸುಪಾಸಿನ ಒಬ್ಬರನ್ನು ಕ್ಯಾಶುವಾಲಿಟಿಗೆ ಕರೆತರುತ್ತಾರೆ. ಎರಡು ದಿನದಿಂದ ವಾಂತಿ ಭೇದಿ. ಕೈ ಜೋರಾಗಿ ನಡುಗುತ್ತಿದೆ, ನಡೆದರೆ ತೂರಾಡುತ್ತಾರೆ, ಮಾತು ತೊದಲುತ್ತಿದೆ. ಹೆಂಡತಿ ಚೀಲದಿಂದ ಮಾತ್ರೆಯ ಸ್ಟ್ರಿಪ್ ತೆಗೆದು ತೋರಿಸುತ್ತಾರೆ, ನಿಮ್ಹಾನ್ಸ್ ಚೀಟಿಯೂ ಇದೆ. ಬಾಗಿಲಲ್ಲಿದ್ದವರು ಮೊದಲು ‘ಕುಡಿದಿದ್ದಾನೆ’ ಅಂದುಕೊಳ್ಳುತ್ತಾರೆ. ಚೀಟಿ ನೋಡಿದ ಮೇಲೆ ‘ಓ, ಸೈಕ್ ಕೇಸು’. ಡ್ಯೂಟಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವ ಮಾತು: ‘ಬೆಡ್ ಆರು, ಸೈಕ್ ಪೇಷೆಂಟ್, ಲೂಸ್ ಮೋಷನ್ ಅಂತ ಬಂದಿದ್ದಾನೆ, ಏನೇನೋ ಮಾತಾಡ್ತಾನೆ, ಬೆಳಿಗ್ಗೆ ಅವರ ಡಾಕ್ಟರ ಹತ್ತಿರ ಕಳಿಸಿ.’ ಈ ವಾಕ್ಯದಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ತೊದಲು ಮಾತನ್ನು, ನಡುಕವನ್ನು, ತೂರಾಟವನ್ನು ‘ಸೈಕ್’ ಎಂಬ ಒಂದು ಪದ ನುಂಗಿಬಿಟ್ಟಿದೆ. ಬೆಳಗಿನವರೆಗೆ ಅವರ ರಕ್ತ ತೆಗೆಯುವ ಯೋಚನೆ ಯಾರಿಗೂ ಬರುವುದಿಲ್ಲ.

ಅದೇ ವ್ಯಕ್ತಿಯನ್ನು ಹೀಗೆ ಒಪ್ಪಿಸಿ: ‘ಆರನೇ ಬೆಡ್, 42 ವರ್ಷದ ಗಂಡಸು, ಬೈಪೋಲಾರ್‌ಗೆ ಲೀಥಿಯಂ ತೆಗೆದುಕೊಳ್ಳುತ್ತಿದ್ದಾರೆ. ಎರಡು ದಿನದಿಂದ ವಾಂತಿ ಭೇದಿ, ನಿನ್ನೆ ಮೈಕೈ ನೋವಿಗೆ ಕ್ಲಿನಿಕ್ಕಿನಲ್ಲಿ ಡೈಕ್ಲೋಫೆನಾಕ್ ಇಂಜೆಕ್ಷನ್ ಹಾಕಿಸಿದ್ದಾರೆ. ಹೊಸದಾಗಿ ನಡುಕ, ತೂರಾಟ, ತೊದಲು.’ ಇಷ್ಟು ಕೇಳಿದ ಯಾವ ಡಾಕ್ಟರೂ ಸುಮ್ಮನೆ ಕೂರುವುದಿಲ್ಲ. ಲೀಥಿಯಂ ರಕ್ತದಲ್ಲಿ ಇರಬೇಕಾದ ಅಳತೆ ಬಹಳ ಇಕ್ಕಟ್ಟಿನದು, ಲೀಟರಿಗೆ ಸುಮಾರು 0.6ರಿಂದ 1.2 ಮಿಲಿಮೋಲ್. 1.5 ದಾಟಿದರೆ ವಿಷವಾಗತೊಡಗುತ್ತದೆ, ವಯಸ್ಸಾದವರಲ್ಲಿ ಅದಕ್ಕಿಂತ ಕಡಿಮೆಯಿದ್ದರೂ ಆಗಬಹುದು. ಭೇದಿಯಿಂದ ದೇಹದ ನೀರು ಉಪ್ಪು ಹೋದರೆ ಮೂತ್ರಪಿಂಡ ಲೀಥಿಯಮ್ಮನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವುಮಾತ್ರೆಗಳೂ, ರಕ್ತದೊತ್ತಡದ ಕೆಲವು ಮಾತ್ರೆಗಳೂ ಅದನ್ನೇ ಮಾಡುತ್ತವೆ. ಮಾತ್ರೆ ನಿಲ್ಲಿಸಿ, ರಕ್ತದಲ್ಲಿ ಲೀಥಿಯಂ ಮಟ್ಟ, ಕ್ರಿಯಾಟಿನಿನ್, ಸೋಡಿಯಂ ನೋಡಿ, ಸಲೈನ್ ಹಾಕಬೇಕು. ಹೆಚ್ಚಾಗಿದ್ದರೆ ಡಯಾಲಿಸಿಸ್ ಬೇಕಾಗಬಹುದು. ತಡವಾದರೆ ತೂರಾಟ ಶಾಶ್ವತವಾಗಿ ಉಳಿದುಬಿಡುವುದೂ ಉಂಟು, ಪ್ರಾಣವೂ ಹೋಗಬಹುದು. ಕಾಯಿಲೆಯ ಹೆಸರು ಎರಡೂ ವಾಕ್ಯದಲ್ಲಿದೆ. ಮೊದಲನೆಯದರಲ್ಲಿ ಅದು ಮನುಷ್ಯನ ಹೆಸರಾಗಿದೆ, ಎರಡನೆಯದರಲ್ಲಿ ಚಿಕಿತ್ಸೆಗೆ ಬೇಕಾದ ಮಾಹಿತಿಯಾಗಿದೆ.

ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಹೆಚ್ಚಿನವು ಹೃದಯದ ತೊಂದರೆಯಂಥ ದೇಹದ ಕಾಯಿಲೆಗಳಿಂದ ಆಗುವ ಸಾವುಗಳು. ಕಾರಣ ಹಲವು, ಔಷಧದ ಅಡ್ಡಪರಿಣಾಮ, ಬೀಡಿ ಸಿಗರೇಟು, ಬಡತನ ಎಲ್ಲವೂ ಇವೆ. ‘ಅವರು ಹಾಗೇ ಹೇಳ್ತಿರ್ತಾರೆ ಬಿಡು’ ಎಂದು ಎದೆನೋವನ್ನು, ಹೊಟ್ಟೆನೋವನ್ನು ಪಕ್ಕಕ್ಕೆ ಸರಿಸುವುದೂ ಅದರಲ್ಲಿ ಒಂದು. ಇದು ಮೆಡಿಕಲ್ ವಾರ್ಡಿನ ಕೆಲಸಕ್ಕೆ ಸೇರಿದ್ದು, ಮನೋವೈದ್ಯರ ಕೋಣೆಗಷ್ಟೇ ಅಲ್ಲ. ಆದ್ದರಿಂದಲೇ ಈ ಭಾಷಣಕ್ಕೆ ನಿಮ್ಮಂಥ ವಾರ್ಡ್ ಇನ್‌ಚಾರ್ಜ್ ಸರಿಯಾದ ಆಯ್ಕೆ ಎಂದು ನನಗನ್ನಿಸುತ್ತದೆ.

ನೀವು ಬರೆಯಲು ಕುಳಿತಾಗ ಪೆನ್ನಿನ ತುದಿಗೆ ತಾನಾಗಿ ಬರುವ ಒಂದು ವಾಕ್ಯದ ಬಗ್ಗೆ ಎಚ್ಚರಿಸಬೇಕು: ‘ಇದೂ ಸಕ್ಕರೆ ಕಾಯಿಲೆ, ಬಿಪಿ ಇದ್ದ ಹಾಗೆ.’ ನಾವೆಲ್ಲ ವರ್ಷಗಟ್ಟಲೆ ಹೇಳಿದ್ದೇವೆ. ಸದುದ್ದೇಶದ ಮಾತೇ. ತಪ್ಪು ಅವನದಲ್ಲ ಎಂದು ಮನೆಯವರಿಗೆ ಮನವರಿಕೆ ಮಾಡಲು, ಮಾತ್ರೆ ಬಿಡಬೇಡಿ ಎನ್ನಲು ಅದು ಉಪಯೋಗಕ್ಕೆ ಬರುತ್ತದೆ. ಆದರೆ ಕಳಂಕವನ್ನು ಕಳೆಯುವ ಕೆಲಸ ಅದರಿಂದ ಆದಂತೆ ಕಾಣುವುದಿಲ್ಲ. ಅಮೆರಿಕದಲ್ಲಿ 1996ರಲ್ಲಿ ಮತ್ತು 2006ರಲ್ಲಿ ಸಾಮಾನ್ಯ ಜನರನ್ನು ಒಂದೇ ಬಗೆಯ ಪ್ರಶ್ನೆ ಕೇಳಿ ಹೋಲಿಸಿದಾಗ, ಇವು ಮೆದುಳಿನ ಕಾಯಿಲೆ ಎಂದು ಒಪ್ಪುವವರು ಆ ಹತ್ತು ವರ್ಷದಲ್ಲಿ ಹೆಚ್ಚಾಗಿದ್ದರು. ಪಕ್ಕದ ಮನೆಗೆ ಅಂಥವರು ಬಂದರೆ ಆದೀತೇ, ಜೊತೆಯಲ್ಲಿ ಕೆಲಸ ಮಾಡುತ್ತೀರಾ, ಮನೆಗೆ ಸೊಸೆ ಅಳಿಯನಾಗಿ ತಂದುಕೊಳ್ಳುತ್ತೀರಾ ಎಂಬಂಥ ಪ್ರಶ್ನೆಗಳ ಉತ್ತರ ಮಾತ್ರ ಸುಧಾರಿಸಿರಲಿಲ್ಲ. ಮೆದುಳೇ ಕೆಟ್ಟಿದೆ ಅಂದಾಗ ‘ಪಾಪ’ ಅನ್ನುತ್ತಾರೆ, ಜೊತೆಗೆ ‘ಇನ್ನು ಸರಿಹೋಗಲ್ಲ’ ಎಂದೂ ಅಂದುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯವನನ್ನು ಕಂಡು ಯಾರೂ ಮಕ್ಕಳನ್ನು ಒಳಗೆ ಕರೆದುಕೊಳ್ಳುವುದಿಲ್ಲ, ಹೋಲಿಕೆ ಅಲ್ಲೇ ಮುರಿಯುತ್ತದೆ. ಭಾಷಣದಲ್ಲಿ ಅದನ್ನು ಬಿಡಿ.

ದೊಡ್ಡವರ ಮನಸ್ಸು ಬದಲಾಗುವುದಕ್ಕೆ ಉಪದೇಶಕ್ಕಿಂತ ಹೆಚ್ಚು ನೆರವಾಗುವುದು ಪರಿಚಯ. 14 ದೇಶಗಳ 72 ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಹೇಳಿದ್ದು ಇದನ್ನೇ. ಕಾಯಿಲೆಯನ್ನು ಕಂಡು ಬದುಕು ನಡೆಸುತ್ತಿರುವವರೊಂದಿಗೆ ಎದುರುಬದುರು ಮಾತಾಡಿದಾಗ ವಯಸ್ಕರಲ್ಲಿ ಹೆಚ್ಚು ಬದಲಾವಣೆ ಕಂಡಿತು, ವಿಡಿಯೋ ನೋಡಿದಾಗ ಅಷ್ಟಿಲ್ಲ. ಹದಿಹರೆಯದವರಲ್ಲಿ ಪಾಠವೇ ಹೆಚ್ಚು ಕೆಲಸ ಮಾಡಿತ್ತು.

ಇದನ್ನು ಓದಿದ ನಿಮ್ಮ ಆಡಳಿತದವರು ‘ಅದಕ್ಕೇ ನಾವು ಶಾಲು ಹೊದಿಸುತ್ತಿರುವುದು’ ಎನ್ನಬಹುದು. ಅದು ಪರಿಚಯವಲ್ಲ, ಪ್ರದರ್ಶನ. ಚಿಕಿತ್ಸೆಯಲ್ಲಿರುವ ಒಬ್ಬರು ತಮಗೆ ಔಷಧ ಕೊಡುವ ಡಾಕ್ಟರ ಎದುರು, ಬಿಲ್ಲಿನಲ್ಲಿ ರಿಯಾಯಿತಿ ಕೊಡುವ ಆಡಳಿತದ ಎದುರು ‘ಬೇಡ’ ಎನ್ನುವುದು ಹೇಗೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಿಂದ ಜಾರಿಯಲ್ಲಿದೆ. ಅದರ 23ನೇ ಸೆಕ್ಷನ್ ಚಿಕಿತ್ಸೆಯ ಮಾಹಿತಿ ಗೋಪ್ಯವಾಗಿರಬೇಕು ಎನ್ನುತ್ತದೆ. 24ನೇ ಸೆಕ್ಷನ್ ಇನ್ನೂ ನೇರ: ಚಿಕಿತ್ಸೆಯಲ್ಲಿರುವ ವ್ಯಕ್ತಿಯ ಫೋಟೋವನ್ನಾಗಲಿ ಬೇರೆ ಮಾಹಿತಿಯನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಕಂಪ್ಯೂಟರಿನಲ್ಲಿರುವ ಮಾಹಿತಿಗೂ ಈ ಗೋಪ್ಯತೆಯ ಹಕ್ಕು ಅನ್ವಯಿಸುತ್ತದೆ. ಈಗ ಮಾಧ್ಯಮ ಎಂದರೆ ಪತ್ರಿಕೆಯವರಷ್ಟೇ ಅಲ್ಲವಲ್ಲ. ಸಮಾರಂಭದ ಫೋಟೋ ಮಧ್ಯಾಹ್ನದೊಳಗೆ ಹತ್ತು ಜನರ ವಾಟ್ಸಾಪ್ ಸ್ಟೇಟಸ್ಸಿನಲ್ಲಿರುತ್ತದೆ. ಒಪ್ಪಿಗೆ ಕೊಟ್ಟವರು ಮರುದಿನ ಮನಸ್ಸು ಬದಲಿಸಿದರೆ ವಾಪಸು ತರುವುದು ಎಲ್ಲಿಂದ?

ಇದನ್ನು ಭಾಷಣದಲ್ಲಿ ಟೀಕೆಯಾಗಿ ಹೇಳಬೇಡಿ. ಅಲ್ಲಿಯವರೆಗೆ ಕಾದರೆ ಶಾಲು ಹೊದಿಸಿ ಆಗಿರುತ್ತದೆ. ಈ ವಾರವೇ ನರ್ಸಿಂಗ್ ಸೂಪರಿಂಟೆಂಡೆಂಟರ ಬಳಿ ಹೋಗಿ, 24ನೇ ಸೆಕ್ಷನ್ನಿನ ಪ್ರತಿ ತೋರಿಸಿ, ಕಾರ್ಯಕ್ರಮವನ್ನು ಬದಲಿಸಲು ಕೇಳಿ. ತಾವಾಗಿಯೇ ಮಾತಾಡಲು ಮುಂದೆ ಬಂದಿರುವವರು, ನಿಮ್ಮ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯದವರು, ಸಂಭಾವನೆ ಪಡೆದು ಅತಿಥಿಯಾಗಿ ಬರುವವರು ಬೆಂಗಳೂರಿನಲ್ಲಿ ಸಿಗುತ್ತಾರೆ. ಹಾಗೆ ಬಂದವರನ್ನು ವೇದಿಕೆಯ ಮೇಲೆ ನಿಲ್ಲಿಸುವುದಕ್ಕಿಂತ ನಾಲ್ಕು ನಾಲ್ಕು ನರ್ಸ್‌ಗಳ ಜೊತೆ ಕೂರಿಸಿ, ಕ್ಯಾಶುವಾಲಿಟಿಯಲ್ಲಿ ಅವರಿಗೆ ಏನಾಯಿತು ಎಂದು ಕೇಳಿಸಿಕೊಳ್ಳುವುದು ಹೆಚ್ಚು ಉಪಯೋಗ. ಯಾರೂ ಸಿಗದಿದ್ದರೆ ಆ ಭಾಗವನ್ನೇ ಬಿಡಲಿ, ಕಾರ್ಯಕ್ರಮ ಅರ್ಧ ಗಂಟೆ ಬೇಗ ಮುಗಿಯುತ್ತದೆ, ಅಷ್ಟೆ.

ಕ್ಯಾಶುವಾಲಿಟಿಯ ಮಾತು ಬಂತು. ವಿಷ ಕುಡಿದೋ ಮಾತ್ರೆ ನುಂಗಿಯೋ ಬಂದವರಿಗೆ ‘ಸಾಯೋಕೆ ನಿನಗೆ ನಮ್ಮ ಡ್ಯೂಟಿನೇ ಬೇಕಿತ್ತಾ’ ಎನ್ನುವುದನ್ನು, ಪೊಲೀಸ್ ಹೆಸರು ಹೇಳಿ ಹೆದರಿಸುವುದನ್ನು ನೀವೂ ಕೇಳಿರುತ್ತೀರಿ. 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಬೇರೆ ರೀತಿ ಸಾಬೀತಾಗದ ಹೊರತು ಅದಕ್ಕಾಗಿ ಶಿಕ್ಷಿಸುವಂತಿಲ್ಲ. ಹಳೆಯ ದಂಡಸಂಹಿತೆಯ 309ನೇ ಸೆಕ್ಷನ್ 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಎಂಎಲ್‌ಸಿ ಬರೆಯುವ ಕೆಲಸ ನಿಯಮದಂತೆ ನಡೆಯಲಿ, ಅದನ್ನು ಬೆದರಿಕೆಯಾಗಿ ಬಳಸುವುದು ನಿಲ್ಲಲಿ.

ಭಾಷಣಕ್ಕೆ ಎಂಟು ನಿಮಿಷ ಸಾಕು. ಸ್ವಾಗತ, ವಂದನೆ ಎಲ್ಲ ಬೇರೆಯವರು ಮಾಡುತ್ತಾರೆ. ಮಧ್ಯದ ಭಾಗಕ್ಕೆ ಒಂದು ಕರಡು ಕೊಡುತ್ತೇನೆ, ನಿಮ್ಮ ಬಾಯಿಗೆ ಒಗ್ಗುವಂತೆ ಬದಲಿಸಿಕೊಳ್ಳಿ:

‘ಈ ವಾರವೆಲ್ಲ ಸಮಾಜ ಬದಲಾಗಬೇಕು ಎಂದು ಪೋಸ್ಟರ್ ಬರೆದೆವು. ನಾನು ಇವತ್ತು ನಮ್ಮ ಡ್ಯೂಟಿ ರೂಮಿನ ಬಗ್ಗೆ ಮಾತಾಡುತ್ತೇನೆ. ಎರಡು ವಾಕ್ಯ ಹೇಳುತ್ತೇನೆ, ಎರಡೂ ಒಬ್ಬರದೇ ವಿಷಯ. ಒಂದು: ಬೆಡ್ ಆರು, ಸೈಕ್ ಪೇಷೆಂಟ್, ಲೂಸ್ ಮೋಷನ್. ಎರಡು: ಆರನೇ ಬೆಡ್, 42 ವರ್ಷ, ಲೀಥಿಯಂ ತೆಗೆದುಕೊಳ್ಳುತ್ತಿದ್ದಾರೆ, ಎರಡು ದಿನದಿಂದ ವಾಂತಿ ಭೇದಿ, ಹೊಸದಾಗಿ ನಡುಕ ಮತ್ತು ತೊದಲು. ಮೊದಲ ವಾಕ್ಯ ಕೇಳಿದರೆ ನೀವು ಏನು ಮಾಡುತ್ತೀರಿ? ಎರಡನೆಯದು ಕೇಳಿದರೆ? ಉತ್ತರ ನಿಮಗೇ ಗೊತ್ತು. ನಾಳೆಯಿಂದ ನಮ್ಮ ವಾರ್ಡಿನಲ್ಲಿ ಎರಡು ಕೆಲಸ ಮಾಡೋಣ. ಡ್ಯೂಟಿ ಒಪ್ಪಿಸುವಾಗ ವಯಸ್ಸು, ಬಂದ ತೊಂದರೆ, ತೆಗೆದುಕೊಳ್ಳುತ್ತಿರುವ ಮಾತ್ರೆ, ಇವತ್ತು ಹೊಸದಾಗಿ ಕಂಡದ್ದು, ಇಷ್ಟನ್ನು ಹೇಳೋಣ. ಮಾನಸಿಕ ಕಾಯಿಲೆಯ ಹೆಸರು ಮಾತ್ರೆಯ ಜೊತೆಗೆ ಬರಲಿ, ಬೆಡ್ ನಂಬರಿನ ಜೊತೆಗೆ ಬೇಡ. ಎರಡನೆಯದು, ಆ ಹೆಸರನ್ನು ಹಾಸಿಗೆಯ ಬಳಿ ಜೋರಾಗಿ ಹೇಳುವುದು ಬೇಡ, ಪಕ್ಕದ ಬೆಡ್ಡಿನವರ ನೆಂಟರಿಗೂ ಕಿವಿಯಿದೆ. ನಮ್ಮಲ್ಲೂ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರು ಇರಬಹುದು. ಯಾರೂ ಕೈ ಎತ್ತಬೇಕಾಗಿಲ್ಲ, ಯಾರೂ ಹೇಳಿಕೊಳ್ಳಬೇಕಾಗಿಲ್ಲ. ನಾವು ನಗುವ ತಮಾಷೆಯನ್ನು ಅವರೂ ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದಷ್ಟು ನಮಗೆ ಗೊತ್ತಿದ್ದರೆ ಸಾಕು.’

ಕೊನೆಯ ಆ ಮಾತು ಬರುವಾಗ ನಿಮ್ಮ ಗಂಟಲು ಕಟ್ಟಬಹುದು. ಹಾಗಾಗಿ ಮನೆಯಲ್ಲಿ ನಾಲ್ಕಾರು ಸಲ ಗಟ್ಟಿಯಾಗಿ ಓದಿಕೊಳ್ಳಿ, ಹಾಳೆ ಕೈಯಲ್ಲಿರಲಿ.

ಸಮಾರೋಪದ ನಂತರ ಏನಾದರೂ ಉಳಿಯಬೇಕೆಂದಿದ್ದರೆ ಒಂದು ತಿಂಗಳು ನಿಮ್ಮ ವಾರ್ಡಿನ ಹ್ಯಾಂಡೋವರ್ ಪುಸ್ತಕ ನೋಡಿ. ‘ಸೈಕ್’ ಎಂದು ಬರೆದ ಕಡೆ ಮಾತ್ರೆಯ ಹೆಸರು ಇದೆಯೇ? ಕೆಂಪು ಇಂಕಿನಲ್ಲಿ ತಿದ್ದುವುದು ಬೇಡ, ಬರೆದವರನ್ನು ಪಕ್ಕಕ್ಕೆ ಕರೆದು ಕೇಳಿ. ಎಲ್ಲರೂ ಒಪ್ಪುವುದಿಲ್ಲ. ಒಬ್ಬಿಬ್ಬರು ನಿಮ್ಮನ್ನೇ ಗೇಲಿ ಮಾಡಿಯಾರು. ಭಾಷಣದಿಂದ ನಗು ನಿಲ್ಲುತ್ತದೆ ಎಂದು ನಾನು ನಂಬಿಲ್ಲ. ಆದರೆ ಪುಸ್ತಕದಲ್ಲಿ ಬರೆಯುವ ಸಾಲು ಬದಲಾದರೆ ರಕ್ತಪರೀಕ್ಷೆ ಸಮಯಕ್ಕೆ ಆಗುತ್ತದೆ.

ಮನೆಯ ಭಾಷೆಯ ಬಗ್ಗೆಯೂ ಒಂದು ಮಾತು, ಇದು ಭಾಷಣಕ್ಕಲ್ಲ, ನಿಮಗೆ. ತ್ರಿವೇಣಿಯವರ ‘ಶರಪಂಜರ’ವನ್ನು ಓದಿದ್ದೀರೋ, ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಕಲ್ಪನಾ ಅವರನ್ನು ನೋಡಿದ್ದೀರೋ ಗೊತ್ತಿಲ್ಲ. ಕಾವೇರಿ ಗುಣವಾಗಿಯೇ ಮನೆಗೆ ಬರುತ್ತಾಳೆ. ಆಮೇಲೆ ಅವಳು ಸಿಟ್ಟಾದರೂ ಅತ್ತರೂ ಸುತ್ತಲಿನವರಿಗೆ ಕಾಣುವುದು ಕಾಯಿಲೆಯೇ. ನಿಮ್ಮ ತಮ್ಮ ಜೋರಾಗಿ ಮಾತಾಡಿದಾಗ ಮನೆಯಲ್ಲಿ ಯಾರಾದರೂ ‘ಮಾತ್ರೆ ತಗೊಂಡ್ಯಾ?’ ಎಂದು ಕೇಳುತ್ತಾರೆಯೇ? ನಿದ್ದೆ ಕಡಿಮೆಯಾಗಿದ್ದರೆ, ಖರ್ಚು ಏರಿದ್ದರೆ, ಮಾತು ನಿಲ್ಲದಿದ್ದರೆ ಕೇಳಬೇಕು, ಡಾಕ್ಟರ ಬಳಿ ಕರೆದೊಯ್ಯಬೇಕು. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ರೇಗಿದರೆ ಆ ಪ್ರಶ್ನೆ ಬೇಡ, ಉಪ್ಪು ನೋಡಿ.

ಮತ್ತೆ ವಾಂತಿ ಭೇದಿ ಆದ ದಿನ ಅವನಿಗೆ ನೀರು, ಓಆರ್‌ಎಸ್ ಕೊಟ್ಟು, ಲೀಥಿಯಂ ಮುಂದುವರಿಸಬೇಕೇ ಎಂದು ಅವನ ಡಾಕ್ಟರನ್ನು ಅಂದೇ ಕೇಳಿ. ನಡುಕ ಹೆಚ್ಚಾಗಿ ತೂರಾಟ ಕಂಡರೆ ಕೇಳುತ್ತಾ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ. ನೋವುಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ಸುಮ್ಮನೆ ತಂದು ಕೊಡಬೇಡಿ.

ನಿಮ್ಮಂತೆ ಮನೆಯಲ್ಲಿ ಒಂದನ್ನು, ಕೆಲಸದಲ್ಲಿ ಇನ್ನೊಂದನ್ನು ಹೊತ್ತು ಓಡಾಡುವ ಓದುಗರಿಗೂ ಹೇಳುವುದಿದೆ. ಟೆಲಿ ಮನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆ ಇರುವವರೇ ಮಾಡಬೇಕೆಂದಿಲ್ಲ, ಅಕ್ಕಂದಿರೂ ಮಾಡಬಹುದು.